ಸಹಾಯ ಬೇಕು: ದೊಡ್ಡ ಎಕ್ಸ್‌ಪೆಲ್ಲರ್ ತಗೊಳ್ಳೋದಾ, ಚಿಕ್ಕದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ಹತ್ತಿರ ಚಿಕ್ಕ ಶೇಂಗಾ ಎಣ್ಣೆ ಮಿಲ್. ಬ್ಯಾಂಕಿಗೆ ಕೊಡುವ ಯೋಜನಾ ವರದಿ ಬರೆಯುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ದೊಡ್ಡ ಎಕ್ಸ್‌ಪೆಲ್ಲರ್‌ಗೆ 10 ಲಕ್ಷ. ಕರೆಂಟು, ಕೂಲಿ, ರಿಪೇರಿ ಕಳೆದು ವರ್ಷಕ್ಕೆ 3 ಲಕ್ಷ ಕೈಗೆ ಬರುತ್ತದೆ ಅಂತ ಲೆಕ್ಕ. ಚಿಕ್ಕದಕ್ಕೆ 5 ಲಕ್ಷ, ವರ್ಷಕ್ಕೆ 1.6 ಲಕ್ಷ. ಎರಡಕ್ಕೂ 5 ವರ್ಷ ಆಯುಷ್ಯ, ಕೊನೆಗೆ ಗುಜರಿ ಬೆಲೆ ಸೊನ್ನೆ ಅಂದುಕೊಂಡಿದ್ದೇನೆ. ಶೇಕಡಾ 12ರ ದರದಲ್ಲಿ ದೊಡ್ಡದರ ಎನ್‌ಪಿವಿ ಸುಮಾರು 81,400 ರೂಪಾಯಿ, ಚಿಕ್ಕದರದು 76,800. ಆದರೆ ಐಆರ್‌ಆರ್ ಉಲ್ಟಾ: ದೊಡ್ಡದು 15.2, ಚಿಕ್ಕದು 18.

ಮೊದಲು ಖರೀದಿ ಹಣವನ್ನೂ NPV ಫಾರ್ಮುಲಾದ ಒಳಗೇ ಹಾಕಿದ್ದೆ, ಅದೂ ಒಂದು ವರ್ಷ ಮುಂದಕ್ಕೆ ಸರಿದು ದೊಡ್ಡದಕ್ಕೆ 72,700 ಬಂತು. ಈಗ ಹೀಗೆ ಸರಿಮಾಡಿದ್ದೇನೆ:

```
=NPV(12%,B2:B6)+B1
```

ಎರಡರ ವ್ಯತ್ಯಾಸವನ್ನೂ ತೆಗೆದು ನೋಡಿದೆ. ಹೆಚ್ಚುವರಿ 5 ಲಕ್ಷಕ್ಕೆ ವರ್ಷಕ್ಕೆ 1.4 ಲಕ್ಷ, ಅಂದರೆ ಐಆರ್‌ಆರ್ ಬರೀ 12.4. ಹನ್ನೆರಡನ್ನು ದಾಟಿದೆ, ಹಾಗಾಗಿ ದೊಡ್ಡದೇ ಸರಿ ಅಲ್ವಾ? ಆದರೆ ಮಳೆ ಕೈಕೊಟ್ಟು ಶೇಂಗಾ ಕಡಿಮೆ ಬಂದು 3 ಲಕ್ಷದ ಬದಲು 2.75 ಲಕ್ಷ ಬಂದರೆ ದೊಡ್ಡದರ ಎನ್‌ಪಿವಿ ಮೈನಸ್ ಆಗುತ್ತದೆ. ಚಿಕ್ಕದು ಅಷ್ಟೇ ಪ್ರಮಾಣದಲ್ಲಿ ಇಳಿದರೂ ಪ್ಲಸ್‌ನಲ್ಲೇ ಇರುತ್ತದೆ. ನಮ್ಮ ಕಡೆ ಇಂಥ ವರ್ಷ ಅಪರೂಪವೇನಲ್ಲ, ಅದಕ್ಕೇ ಭಯ.

ಇನ್ನೊಂದು ಅನುಮಾನ. ಸಾಲದ ಬಡ್ಡಿಯನ್ನು ಆ 3 ಲಕ್ಷದಿಂದ ಕಳೆದಿಲ್ಲ. 12ರ ದರದಲ್ಲೇ ಅದು ಸೇರಿದೆ ಅಂತ ನನ್ನ ತಿಳುವಳಿಕೆ. ಸರಿಯಾ? ಇಂಥ ವರದಿ ಮಾಡಿದವರು ದಯವಿಟ್ಟು ಹೇಳಿ, ಸೋಮವಾರ ಕೊಡಬೇಕು.