ಸಹಾಯ ಬೇಕು: ಮಹಾಸಭೆಯ ಪ್ರಕಟಣೆಯನ್ನು ತಿದ್ದಿಕೊಡಿ

ಮಾನ್ಯರೇ, ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ವಸತಿ ಸಂಘದ ಕಾರ್ಯದರ್ಶಿಯಾಗಿ, ಆಗಸ್ಟ್ 10ರ ಭಾನುವಾರದ ಸಭೆಯಲ್ಲಿ ವಾರ್ಷಿಕ ಮಹಾಸಭೆಯ ಪ್ರಕಟಣೆಯನ್ನು ನಾನು ಓದಬೇಕಾಗಿದೆ. ಮಹಾಸಭೆಯನ್ನು 24ರ ಭಾನುವಾರ ಇಟ್ಟುಕೊಳ್ಳೋಣವೆಂದು ಹಿರಿಯರು ಹೇಳುತ್ತಿದ್ದಾರೆ. ಆದರೆ ನಮ್ಮ ಬೈಲಾ 14 ಪೂರ್ಣ ದಿನಗಳ ನೋಟಿಸ್ ಕೇಳುತ್ತದೆ. ನೋಟಿಸ್ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಿದರೆ 11ರಿಂದ 23ರವರೆಗೆ 13 ದಿನಗಳಷ್ಟೇ ಸಿಗುತ್ತವೆ. ಹೀಗಾಗಿ 31ರ ಭಾನುವಾರವೇ ಸರಿಯೆಂದು ನನ್ನ ಅಭಿಪ್ರಾಯ. 10ರ ಸಭೆಗೆ ಬಾರದವರಿಗೆ ಅದೇ ದಿನ ಲಿಖಿತ ನೋಟಿಸನ್ನೂ ತಲುಪಿಸುತ್ತೇವೆ.

ಕರಡು ಹೀಗಿದೆ: “ಸಂಘದ ವಾರ್ಷಿಕ ಮಹಾಸಭೆಯು ಆಗಸ್ಟ್ 31ರ ಭಾನುವಾರ ಬೆಳಿಗ್ಗೆ 10.30ಕ್ಕೆ ಸಂಘದ ಸಭಾಂಗಣದಲ್ಲಿ ನಡೆಯಲಿದ್ದು, ಹಿಂದಿನ ಮಹಾಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು, ಮಾರ್ಚ್ 31ಕ್ಕೆ ಕೊನೆಗೊಂಡ ವರ್ಷದ ಲೆಕ್ಕಪರಿಶೋಧನಾ ವರದಿಯನ್ನು ಅಂಗೀಕರಿಸುವುದು ಹಾಗೂ ಮುಂದಿನ ವರ್ಷದ ಆಯವ್ಯಯವನ್ನು ಮಂಜೂರು ಮಾಡುವುದು ಸಭೆಯ ವಿಷಯಗಳಾಗಿರುತ್ತವೆ. ಕೋರಂ ಇಲ್ಲದಿದ್ದರೆ ಬೈಲಾ ಪ್ರಕಾರ ಸಭೆಯನ್ನು ಮುಂದೂಡಲಾಗುವುದು.”

ನನ್ನನ್ನು ಹೆಚ್ಚು ಕಾಡುತ್ತಿರುವುದು ತಾರಸಿಯ ವಿಷಯ. ಈ ಮಳೆಗಾಲದಲ್ಲಿ ಮೇಲಿನ ಮಹಡಿಯ ಗೋಡೆಗಳೆಲ್ಲ ನೀರು ಕುಡಿದು ಬಣ್ಣ ಕಿತ್ತುಬರುತ್ತಿದ್ದು, ಶೀಟ್ ಹೊದಿಸಲು ಪ್ರತಿ ಮನೆಯಿಂದ ವಿಶೇಷ ವಂತಿಗೆ ಎತ್ತಬೇಕಾಗಿದೆ. ಇದನ್ನು “ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು” ಎಂಬುದರಡಿ ತಂದರೆ, ಮೊದಲೇ ತಿಳಿಸಲಿಲ್ಲವೆಂದು ಗೈರುಹಾಜರಾದವರು ನಿರ್ಣಯವನ್ನೇ ಪ್ರಶ್ನಿಸಬಹುದು. ಆದ್ದರಿಂದ ಕೆಲಸ, ಅಂದಾಜು ವೆಚ್ಚ, ತಲಾ ವಂತಿಗೆ ಮೂರನ್ನೂ ಪ್ರತ್ಯೇಕ ವಿಷಯವಾಗಿ ಸೇರಿಸಬೇಕೆಂದಿದ್ದೇನೆ. ಓದಿದಾಗ ಎಲ್ಲರಿಗೂ ಒಮ್ಮೆಗೇ ಅರ್ಥವಾಗುವಂತೆ ಆ ಒಂದು ವಾಕ್ಯವನ್ನು ಅನುಭವವುಳ್ಳವರು ದಯವಿಟ್ಟು ಬರೆದುಕೊಡಬೇಕಾಗಿ ವಿನಂತಿ.