ಕ್ರಿಯೇಟಿನ್ ನಿಲ್ಲಿಸಿದರೆ ವೀರ್ಯಾಣು ಹೆಚ್ಚುತ್ತದೆಯೇ?

ಪ್ರಶ್ನೆ (ತೀರ್ಥಹಳ್ಳಿ): ವಯಸ್ಸು 31. ಐದು ತಿಂಗಳಿಂದ ಜಿಮ್ ವ್ಯಾಯಾಮಕ್ಕೆಂದು ದಿನಕ್ಕೆ 5 ಗ್ರಾಂ ಕ್ರಿಯೇಟಿನ್ ಪುಡಿ ತೆಗೆದುಕೊಳ್ಳುತ್ತಿದ್ದೇನೆ. ಸೆಪ್ಟೆಂಬರ್ 10ರ ವರದಿಯಲ್ಲಿ ವೀರ್ಯಾಣು ಮಿಲಿಲೀಟರ್‌ಗೆ 1.1 ಕೋಟಿ, ಚಲನೆ ಶೇ. 28, ಎರಡೂ ಕಡಿಮೆ. ಈ ಪುಡಿಯಿಂದಲೇ ಹೀಗಾಯಿತೆಂದು ಹೆಂಡತಿಗೆ ಅನುಮಾನ.

ಜಿಮ್ ತರಬೇತುದಾರ (ಶಿವಮೊಗ್ಗ): ಕ್ರಿಯೇಟಿನ್ ಹಾರ್ಮೋನನ್ನು ಏರುಪೇರು ಮಾಡುತ್ತದೆ. 2009ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರಲ್ಲಿ ಡಿಎಚ್‌ಟಿ ಎಂಬ ಗಂಡು ಹಾರ್ಮೋನು ಏರಿತ್ತು. ನಿಲ್ಲಿಸಿಬಿಡಿ.

ಓದುಗರೊಬ್ಬರು (ಸಾಗರ): ನಮ್ಮ ತಂದೆಯವರಿಗೂ ಕ್ರಿಯೇಟಿನಿನ್ ಹೆಚ್ಚಾಗಿ ಡಯಾಲಿಸಿಸ್‌ವರೆಗೆ ಹೋಯಿತು. ಹುಷಾರು!

ವೈದ್ಯರು: ಸಾಗರದವರೇ, ನೀವು ಹೇಳುವ ಕ್ರಿಯೇಟಿನಿನ್ ಮೂತ್ರಪಿಂಡದ ಪರೀಕ್ಷೆಯಲ್ಲಿ ಅಳೆಯುವ ವಸ್ತು. ಇಲ್ಲಿನ ಮಾತು ಕ್ರಿಯೇಟಿನ್‌ನದು, ಅದೇ ಬೇರೆ. ತರಬೇತುದಾರರು ಹೇಳಿದ ಅಧ್ಯಯನ ನಿಜ, ಆದರೆ ಅದರಲ್ಲಿದ್ದವರು ಇಪ್ಪತ್ತು ಮಂದಿ, ಮೊದಲ ವಾರ ದಿನಕ್ಕೆ 25 ಗ್ರಾಂ. ಟೆಸ್ಟೋಸ್ಟೆರಾನ್ ಬದಲಾಗಲಿಲ್ಲ, ವೀರ್ಯವನ್ನು ಯಾರೂ ಪರೀಕ್ಷಿಸಲೂ ಇಲ್ಲ. ಹಾಗೆ ನೋಡಿದರೆ ವೀರ್ಯಾಣುವಿನ ಬಾಲಕ್ಕೆ ಶಕ್ತಿ ಸಾಗಿಸುವುದರಲ್ಲಿ ಕ್ರಿಯೇಟಿನ್‌ಗೂ ಪಾಲಿದೆ. ಹಾಗೆಂದು ಪುಡಿ ತಿಂದರೆ ಚಲನೆ ಸುಧಾರಿಸುತ್ತದೆ ಎಂದು ನಾನು ಹೇಳಲಾರೆ. ಆರೋಗ್ಯವಂತ ಗಂಡಸರಿಗೆ ಕ್ರಿಯೇಟಿನ್ ಕೊಟ್ಟು ವೀರ್ಯ ಪರೀಕ್ಷಿಸಿದ ಒಳ್ಳೆಯ ಪ್ರಯೋಗಗಳ ಕೊರತೆ ಇದೆ.

ತೀರ್ಥಹಳ್ಳಿಯವರೇ, ಈ ಬೇಸಿಗೆಯ ನಂತರ ಜ್ವರ ಬಂದಿತ್ತೇ? ಮಾದರಿಯನ್ನು ಎಲ್ಲಿ ಸಂಗ್ರಹಿಸಿದಿರಿ? ಜಿಮ್‌ನಲ್ಲಿ ಚುಚ್ಚುಮದ್ದು ಏನಾದರೂ?

ಪ್ರಶ್ನೆ ಕೇಳಿದವರು: ಚುಚ್ಚುಮದ್ದು ಇಲ್ಲ. ಜುಲೈ ಕೊನೆಯಲ್ಲಿ ಡೆಂಗಿ, ಐದು ದಿನ 103 ಡಿಗ್ರಿ. ಮಾದರಿಯನ್ನು ಮನೆಯಲ್ಲೇ ತೆಗೆದು ಮಳೆಯಲ್ಲಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಒಯ್ದೆ. ಎರಡು ತಾಸು ಹಿಡಿಯಿತು.

ವೈದ್ಯರು: ಎರಡು ಅಂಕಿಗಳಿಗೆ ಎರಡು ಕಾರಣ ಸಿಕ್ಕಂತಾಯಿತು. ತಡವಾಗಿ, ತಣ್ಣಗಾಗಿ ತಲುಪಿದರೆ ಚಲನೆ ಕುಸಿಯುತ್ತದೆ, ಒಂದು ತಾಸಿನೊಳಗೆ ನೋಡಬೇಕು. ಆದರೆ ಬಸ್ಸಿನಲ್ಲಿ ಸಂಖ್ಯೆ ಕಡಿಮೆಯಾಗುವುದಿಲ್ಲ. ಅದಕ್ಕೆ ಜ್ವರದ ಮೇಲೆ ನನ್ನ ಅನುಮಾನ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆದ್ದರಿಂದ ಜ್ವರದ ಪೆಟ್ಟು ಕೆಲವು ವಾರಗಳ ಮೇಲೆ ಕಾಣುತ್ತದೆ. ನಿಮ್ಮ ಪರೀಕ್ಷೆ ನಡೆದದ್ದು ಆರನೆಯ ವಾರದಲ್ಲಿ.

ನವೆಂಬರ್ ಎರಡನೆಯ ವಾರ ಮತ್ತೆ ಮಾಡಿಸಿ. ಎರಡರಿಂದ ಏಳು ದಿನ ಸಂಯಮವಿರಲಿ, ಮಾದರಿಯನ್ನು ಪ್ರಯೋಗಾಲಯದಲ್ಲೇ ಕೊಡಿ.

ತರಬೇತುದಾರ: ಹಾಗಾದರೆ ಪುಡಿ ಮುಂದುವರಿಸಬಹುದೇ?

ವೈದ್ಯರು: ನಾನಾಗಿ ನಿಲ್ಲಿಸಿ ಎನ್ನುವುದಿಲ್ಲ. ಒಂದು ತೊಡಕಿದೆ: ಈಗ ನಿಲ್ಲಿಸಿ ನವೆಂಬರ್‌ನಲ್ಲಿ ಸಂಖ್ಯೆ ಏರಿದರೆ, ಜ್ವರ ಇಳಿದದ್ದರ ಫಲವೋ ಪುಡಿ ಬಿಟ್ಟದ್ದರ ಫಲವೋ ತಿಳಿಯುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಡಾಕ್ಟರೇ, ಮನೆಯ ನೆಮ್ಮದಿಗಾಗಿ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೇನೆ.

ವೈದ್ಯರು: ಆಗಲಿ, ನಷ್ಟವೇನಿಲ್ಲ. ನವೆಂಬರ್‌ನಲ್ಲೂ ಸಂಖ್ಯೆ ಸಾಮಾನ್ಯ ಕೆಳಮಿತಿಯಾದ 1.6 ಕೋಟಿಗಿಂತ ಕೆಳಗಿದ್ದರೆ ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್ ಹಾರ್ಮೋನುಗಳ ರಕ್ತಪರೀಕ್ಷೆ ಮಾಡಿಸಿ, ವೃಷಣದ ರಕ್ತನಾಳ ಊದಿದೆಯೇ ಎಂದು ತೋರಿಸಿಕೊಳ್ಳಿ. ಹೆಂಡತಿಯ ತಪಾಸಣೆಯನ್ನು ಅದಕ್ಕಾಗಿ ಕಾಯಿಸಬೇಡಿ.