ಸಹಾಯ ಬೇಕು: ಟಿಕೆಟ್ ಯಾವ ಟೀಮ್‌ನಲ್ಲಿ ನಿಲ್ಲುತ್ತಿದೆ ಅಂತ ಲೆಕ್ಕ ಹಾಕೋದು ಹೇಗೆ?

ನಮಸ್ಕಾರ, ಮೈಸೂರಿನ ಒಂದು ಕಂಪನಿಯಲ್ಲಿ ಐಟಿ ಹೆಲ್ಪ್‌ಡೆಸ್ಕ್ ನೋಡಿಕೊಳ್ಳುತ್ತೇನೆ. ರಿಪೋರ್ಟ್‌ನಲ್ಲಿ ಸರಾಸರಿ ರೆಸಲ್ಯೂಷನ್ ಟೈಮ್ ಇಳಿಯುತ್ತಿದೆ, ಆದರೆ ಕ್ಯೂ ಬೆಳೆಯುತ್ತಲೇ ಇದೆ. ಆ ಸರಾಸರಿಗೆ ಕ್ಲೋಸ್ ಆದ ಟಿಕೆಟ್‌ಗಳು ಮಾತ್ರ ಸೇರುತ್ತವೆ, ಪಾಸ್‌ವರ್ಡ್ ರೀಸೆಟ್‌ನಂಥವು ಬೇಗ ಮುಗಿದು ಅದನ್ನು ಇಳಿಸುತ್ತವೆ, ವಾರಗಟ್ಟಲೆ ಓಪನ್ ಇರುವ ಹಳೇ ಟಿಕೆಟ್ ಲೆಕ್ಕಕ್ಕೇ ಬರೋದಿಲ್ಲ ಅಲ್ವಾ. ಅದಕ್ಕೆ ಹಿಸ್ಟರಿ ಲಾಗ್ ತೆಗೆದು, ಟಿಕೆಟ್ ನಂಬರ್ ಮತ್ತು ಸಮಯದ ಪ್ರಕಾರ ಸಾರ್ಟ್ ಮಾಡಿ, ಕ್ಲೋಸ್ ಆದ ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ಈ ಫಾರ್ಮುಲಾ ಹಾಕಿದೆ. A ಟಿಕೆಟ್ ನಂಬರ್, B ಆ ಟೀಮ್‌ಗೆ ಬಂದ ಸಮಯ.

```
=IF(A3=A2,B3-B2,NOW()-B2)
```

ಸಿಕ್ಕಿಕೊಂಡಿರೋದು ಇಲ್ಲಿ. ಒಂದು ವಿಪಿಎನ್ ಟಿಕೆಟ್ ನೆಟ್‌ವರ್ಕ್ ಟೀಮ್‌ನಲ್ಲಿ 3 ದಿನ ಇದ್ದು, ಮಾಹಿತಿ ಸಾಲದು ಅಂತ ನಮಗೆ ವಾಪಸ್ ಬಂದು, ಮತ್ತೆ ಅಲ್ಲೇ 4 ದಿನ ಕೂತಿತ್ತು. ಎಲ್ಲಿ ಜಾಮ್ ಆಗಿದೆ ಅಂತ ಗೊತ್ತಾಗಬೇಕಾದರೆ ಇದನ್ನು 7 ದಿನ ಅಂತ ಕೂಡಿಸಬೇಕಾ, ಎರಡು ಬೇರೆ ಸಾಲಾಗಿ ಇಟ್ಟು ಮೀಡಿಯನ್ ತೆಗೆಯಬೇಕಾ?